ಒಂದೇ ಸಿಸ್ಟರ್ ಇನ್ ಲಾ, ಕನ್ನಡದಲ್ಲಿ ಎಷ್ಟು ಜನ?

ಮಧುಗಿರಿ ಸೊಸೆ ಕೇಳಿದ್ದು:

ನಮ್ಮ ಮೈದುನನ ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಮಧುಗಿರಿಯ ನಮ್ಮ ಹಳೇ ಮನೆ, ಅಜ್ಜಿ, ರಜೆಯ ದಿನಗಳು ಎಲ್ಲವನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಮನೆಯ ಹಿರಿಯರು ಓದಲಿ ಅಂತ ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ಎಲ್ಲ ಕಡೆ ಬರೀ ಅಂಕಲ್, ಕಸಿನ್, ಸಿಸ್ಟರ್ ಇನ್ ಲಾ. ಎಷ್ಟೋ ಕಡೆ ಹೆಸರೂ ಇಲ್ಲ. ಓದುವವರೆಲ್ಲ ಅದೇ ನೆಂಟರು, ಹೆಚ್ಚು ಕಮ್ಮಿ ಆದರೆ ಸುಮ್ಮನೆ ಬಿಡಲ್ಲ. ಇಂಥದ್ದು ಮಾಡಿದವರು ಇದ್ದರೆ ಹೇಳಿ.

ಚಿಂತಾಮಣಿ ಮೇಷ್ಟ್ರು:

ಇದು ಸುಲಭ ಅಮ್ಮ. ಅಪ್ಪನ ಕಡೆಯ ಅಂಕಲ್ ಆದರೆ ಚಿಕ್ಕಪ್ಪ ಅಥವಾ ದೊಡ್ಡಪ್ಪ, ಅಮ್ಮನ ಕಡೆಯವರಾದರೆ ಮಾವ. ಆಂಟಿ ಇದಕ್ಕೆ ಉಲ್ಟಾ. ಅಪ್ಪನ ಕಡೆ ಅತ್ತೆ, ಅಮ್ಮನ ಕಡೆ ಚಿಕ್ಕಮ್ಮ ದೊಡ್ಡಮ್ಮ. ಮಕ್ಕಳಿಗೆ ನಾನು ಹೀಗೇ ಹೇಳಿಕೊಡೋದು. ಯಾವ ಕಡೆ ಅಂತ ಒಂದು ಸಲ ಫೋನ್ ಮಾಡಿ ಕೇಳಿಬಿಡಿ, ಮುಗೀತು.

ಹಳೇ ಗುಮಾಸ್ತ, ತುಮಕೂರು:

ಮೇಷ್ಟ್ರೇ, ಅರ್ಧ ದಾರಿಗೆ ತಂದು ಬಿಟ್ಟಿರಿ. ಅಮ್ಮನ ತಂಗಿಯ ಗಂಡನೂ ಅಮ್ಮನ ಕಡೆಯ ಅಂಕಲ್ಲೇ ತಾನೇ? ಅವರನ್ನು ಯಾರೂ ಮಾವ ಅನ್ನಲ್ಲ, ಚಿಕ್ಕಪ್ಪ ಅಂತೀವಿ. ಅಪ್ಪನ ತಂಗಿಯ ಗಂಡ ಅಪ್ಪನ ಕಡೆಯವರು, ಆದರೂ ಅವರು ಮಾವ. ಕಡೆ ಕೇಳಿದರೆ ಸಾಲದು.

ವಕೀಲರ ಹತ್ತಿರ ಕೂತು ಮನೆತನದ ಕಾಗದಪತ್ರಗಳನ್ನು ಎರಡೂ ಭಾಷೆಗೆ ಹಾಕುತ್ತಾ ಬಂದವನು ನಾನು. ನನ್ನ ಲೆಕ್ಕ ಬೇರೆ. ಅಪ್ಪನ ಅಣ್ಣತಮ್ಮಂದಿರು, ಅಮ್ಮನ ಅಕ್ಕತಂಗಿಯರು ಒಂದು ಗುಂಪು. ಅವರೆಲ್ಲ ಅಪ್ಪ ಅಮ್ಮನ ಸಮಾನ, ಹೆಸರಲ್ಲೇ ಅಪ್ಪ ಅಮ್ಮ ಇದೆ ನೋಡಿ. ಅವರ ಮಕ್ಕಳು ನಮಗೆ ಅಣ್ಣ, ಅಕ್ಕ, ತಮ್ಮ, ತಂಗಿ. ಅಪ್ಪನ ಅಕ್ಕತಂಗಿಯರು, ಅಮ್ಮನ ಅಣ್ಣತಮ್ಮಂದಿರು ಇನ್ನೊಂದು ಗುಂಪು. ಅವರು ಅತ್ತೆ, ಮಾವ. ಅವರ ಮಕ್ಕಳು ಭಾವ, ಅತ್ತಿಗೆ, ಮೈದುನ, ನಾದಿನಿ. ನಮ್ಮ ಕಡೆ ಹೆಣ್ಣು ಕೊಟ್ಟು ತರುವ ರೂಢಿ ಇರುವುದು ಈ ಎರಡನೇ ಗುಂಪಿನಲ್ಲೇ. ಮದುವೆಯಾಗಿ ಬಂದವರು ತಮ್ಮ ಗಂಡನ ಅಥವಾ ಹೆಂಡತಿಯ ಗುಂಪಿಗೇ ಸೇರುತ್ತಾರೆ.

ಹಾಗಾಗಿ ಕಸಿನ್ ಬಂದ ಕಡೆಯೆಲ್ಲ ಅವಳ ಅಪ್ಪ ಅಮ್ಮನಿಗೂ ಆ ಕಸಿನ್ನಿನ ಅಪ್ಪ ಅಮ್ಮನಿಗೂ ಏನು ನಂಟು ಅಂತ ನೋಡಿ. ದೊಡ್ಡಪ್ಪನ ಮಗ ಅಂತ ಗೊತ್ತಾದರೆ ಸುಮ್ನೆ ಅಣ್ಣ ಅಂತ ಬರೆಯಿರಿ. ಎರಡನೇ ಗುಂಪಿನವರಾದರೆ ‘ಅತ್ತೆ ಮಗ’, ‘ಮಾವನ ಮಗಳು’ ಅನ್ನುವುದು ಕ್ಷೇಮ. ಯಾರು ದೊಡ್ಡವರು ಅಂತ ತಿಳಿಯದೆ ಭಾವನೋ ಮೈದುನನೋ ಎಂದು ಬರೆಯೋಕೆ ಹೋಗಬೇಡಿ.

ಮಧುಗಿರಿ ಸೊಸೆ:

ತುಂಬಾ ಉಪಕಾರ ಸರ್. ಹಾಗಾದರೆ ಇದು ನೋಡಿ. ಒಂದು ಕಡೆ ‘ಅಂಕಲ್ ತೊಡೆ ಮೇಲೆ ಕೂರಿಸಿಕೊಂಡು ನನಗೆ ಕಿವಿ ಚುಚ್ಚಿಸಿದರು’ ಅಂತಿದೆ. ಹೆಸರಿಲ್ಲ. ಇನ್ನೊಂದು ಕಡೆ ‘ಅಜ್ಜಿ ಮತ್ತು ಅವರ ಸಿಸ್ಟರ್ ಇನ್ ಲಾ ಒಂದೇ ಒಲೆಯ ಮುಂದೆ ಜೀವನ ಕಳೆದರು’ ಅಂತ. ಮುಂದಿನ ಅಧ್ಯಾಯದಲ್ಲಿ ‘ಗಂಡ ತೀರಿಕೊಂಡ ಮೇಲೆ ಸಿಸ್ಟರ್ ಇನ್ ಲಾ ಮಗನನ್ನು ಕರೆದುಕೊಂಡು ಬಂದರು’. ಇದೆಲ್ಲ ನಾನು ಆ ಮನೆಗೆ ಬರುವ ಮೊದಲಿನ ಮಾತು.

ಶ್ರೀನಿವಾಸಪುರ ಮಾವಿನತೋಟ:

ಕಿವಿ ಚುಚ್ಚಿಸಿದ್ದು ಸೋದರಮಾವ! ಇದಕ್ಕೆ ಕೇಳಬೇಕಾ? ಇನ್ಯಾರ ತೊಡೆ ಮೇಲೆ ಕೂರಿಸ್ತಾರೆ.

ಅಂದ ಹಾಗೆ ನನ್ನದೂ ಒಂದು ಕತೆ. ನಾನು ಮದುವೆಯಾಗಿರೋದು ನಮ್ಮಕ್ಕನ ಮಗಳನ್ನೇ. ನಮ್ಮ ಕಡೆ ಇದು ಮಾಮೂಲು. ಮನೆಯಲ್ಲಿ ಮಾತು ತೆಲುಗು. ಅವಳು ಮದುವೆಗೆ ಮೊದಲೂ ಮಾಮ ಅಂತಿದ್ದಳು, ಈಗಲೂ ಮಾಮ ಅಂತಾಳೆ. ಅಕ್ಕ ಈಗ ಅತ್ತೆ, ಆದರೂ ನಾನು ಅಕ್ಕ ಅಂತಲೇ ಕರೆಯೋದು. ನನ್ನ ಮಗಳಿಗೆ ಅವರು ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ಶಾಲೆಯಲ್ಲಿ ಫ್ಯಾಮಿಲಿ ಟ್ರೀ ಬರೆಯಿರಿ ಅಂದಾಗ ಮಗು ಅಕ್ಕನ ಹೆಸರನ್ನು ಎರಡು ಕಡೆ ಬರೆದಿತ್ತು. ಟೀಚರ್ ಒಂದನ್ನು ಹೊಡೆದು ಹಾಕಿದರು. ಯಾವುದನ್ನು ಇಡಬೇಕಿತ್ತು ಸರ್?

ಹಳೇ ಗುಮಾಸ್ತ, ತುಮಕೂರು:

ಎರಡೂ ಇರಬೇಕಿತ್ತು. ನಂಟು ಎರಡು, ಮನುಷ್ಯರು ಒಬ್ಬರು. ಕಾಗದಪತ್ರದಲ್ಲಿ ಬಂದರೆ ಆ ಕಾಗದ ಯಾವ ನಂಟನ್ನು ಕೇಳುತ್ತದೋ ಅದನ್ನು ಬರೆಯಿರಿ. ಹೆಂಡತಿಯ ತಾಯಿ ಯಾರು ಅಂದರೆ ಮದರ್ ಇನ್ ಲಾ, ನಿಮ್ಮ ಒಡಹುಟ್ಟಿದವರು ಯಾರು ಅಂದರೆ ಎಲ್ಡರ್ ಸಿಸ್ಟರ್. ಸೋದರಮಾವ ಅಕ್ಕತಂಗಿಯರ ಮಗಳನ್ನು ಮದುವೆಯಾಗುವುದನ್ನು 1955ರ ಹಿಂದೂ ವಿವಾಹ ಕಾಯ್ದೆ ನಿಷಿದ್ಧ ನಂಟು ಅಂತ ಪಟ್ಟಿ ಮಾಡಿದೆ. ಆದರೆ ಎರಡೂ ಕಡೆಯವರಲ್ಲಿ ಆ ರೂಢಿ ಇದ್ದರೆ ಅಡ್ಡಿಯಿಲ್ಲ ಅಂತಲೂ ಅಲ್ಲೇ ಇದೆ. ಆದ್ದರಿಂದ ಹೊರದೇಶದ ಅಧಿಕಾರಿಗೆ ಕೊಡುವ ಕಾಗದದಲ್ಲಿ ನಿಮ್ಮಂಥವರು ಬರೀ ಅಂಕಲ್, ನೀಸ್ ಅಂತ ಬಿಟ್ಟರೆ ಅವರು ಗಾಬರಿಯಾಗುತ್ತಾರೆ. ಬಿಡಿಸಿ ಬರೆಯಿರಿ.

ಈಗ ಅಮ್ಮನವರ ಸಾಲುಗಳಿಗೆ ಬರ್ತೀನಿ. ಕಿವಿ ಚುಚ್ಚಿಸಿದ್ದು ಸೋದರಮಾವ ಅನ್ನೋದು ಸರಿ. ಕಿವಿ ಚುಚ್ಚುವುದಕ್ಕೂ ಮುಡಿ ತೆಗೆಸುವುದಕ್ಕೂ ಅವರ ತೊಡೆಯೇ ಬೇಕು. ಆದರೆ ಅವಳ ತಾಯಿಗೆ ಅಣ್ಣತಮ್ಮಂದಿರು ಇದ್ದಾರಾ ಅಂತ ಒಮ್ಮೆ ಕೇಳಿ. ಇಲ್ಲದಿದ್ದರೆ ತಾಯಿಯ ಚಿಕ್ಕಪ್ಪನ ಮಗನೋ ದೊಡ್ಡಮ್ಮನ ಮಗನೋ ಕೂತಿರುತ್ತಾರೆ. ಆಗಲೂ ಸೋದರಮಾವ ಅಂತಲೇ ಬರೆಯಬಹುದು, ತಪ್ಪಿಲ್ಲ.

ಒಲೆಯ ಸಾಲಿನಲ್ಲಿ ಸ್ವಲ್ಪ ನಿಲ್ಲಬೇಕು. ಅಜ್ಜಿ ಗಂಡನ ಮನೆಯಲ್ಲಿ ಇದ್ದವರು. ಅದೇ ಮನೆಯಲ್ಲಿ ಜೀವನವಿಡೀ ಜೊತೆಗೆ ಅಡುಗೆ ಮಾಡಿದ ಇನ್ನೊಬ್ಬ ಹೆಂಗಸು ಅಂದರೆ ಹೆಚ್ಚಾಗಿ ಗಂಡನ ಅಣ್ಣನ ಹೆಂಡತಿ ಅಥವಾ ತಮ್ಮನ ಹೆಂಡತಿ. ಅಂದರೆ ಓರಗಿತ್ತಿ. ಅಜ್ಜಿಯ ಸ್ವಂತ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ಅಜ್ಜಿಯ ತವರಿನಲ್ಲಿ ಇರುತ್ತಾರೆ. ಅವರು ಈ ಒಲೆಯ ಮುಂದೆ ಕೂರುವ ಪ್ರಸಂಗವೇ ಇಲ್ಲ.

ಮುಂದಿನ ಅಧ್ಯಾಯದವರು ಬೇರೆ ಹೆಂಗಸು ಇರಬೇಕು. ಗಂಡ ತೀರಿಕೊಂಡ ಮೇಲೆ ಮಗನನ್ನು ಕರೆದುಕೊಂಡು ‘ಬಂದರು’ ಅಂದರೆ ತವರಿಗೆ ಬಂದರು ಅಂತ. ಅಜ್ಜಿಯ ಗಂಡನ ಮನೆಯನ್ನು ತವರು ಅನ್ನಬಹುದಾದವರು ಅಜ್ಜಿಯ ಗಂಡನ ಅಕ್ಕ ಅಥವಾ ತಂಗಿ. ತಂಗಿಯಾದರೆ ನಾದಿನಿ. ಅಕ್ಕನಾದರೆ ನಮ್ಮ ಕಡೆ ಅತ್ತಿಗೆ ಅಂತಾರೆ, ಕೆಲವು ಮನೆಗಳಲ್ಲಿ ಅವರನ್ನೂ ನಾದಿನಿ ಅಂತಲೇ ಕರೆಯುವುದುಂಟು. ಇಂಗ್ಲಿಷ್ ಓದಿದವರಿಗೆ ಈ ಇಬ್ಬರೂ ಒಬ್ಬರೇ ಅನ್ನಿಸುತ್ತದೆ. ಕನ್ನಡದಲ್ಲಿ ಹಾಗೆ ಆದರೆ ಕತೆಯೇ ಕೆಟ್ಟುಹೋಗುತ್ತದೆ. ಮಗನ ಸುಳಿವನ್ನು ಹಿಡಿಯಿರಿ. ಆ ಹುಡುಗ ನಿಮ್ಮ ಯಜಮಾನರಿಗೆ ಅತ್ತೆ ಮಗನೋ, ದೊಡ್ಡಪ್ಪನ ಮಗನೋ? ಅಷ್ಟು ಗೊತ್ತಾದರೆ ತಾಯಿ ಯಾರು ಅಂತ ತಾನೇ ಬಿಡಿಸಿಕೊಳ್ಳುತ್ತದೆ.

ಫೋನಿನಲ್ಲಿ ‘ಅವರು ನಿಮಗೆ ಏನಾಗಬೇಕು’ ಅಂತ ಕೇಳಬೇಡಿ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಯಾಕಂದರೆ ಒಬ್ಬೊಬ್ಬರಿಗೂ ಅವರು ಒಂದೊಂದು ಆಗಿರ್ತಾರೆ. ‘ಅವರು ಯಾರ ಮಗಳು, ಯಾರ ಹೆಂಡತಿ’ ಅಂತ ಕೇಳಿ.

ಶಿರಾ ಸಣ್ಣಸೊಸೆ:

ನನಗೂ ಇದೇ ತೊಂದರೆ. ನನ್ನ ಓರಗಿತ್ತಿ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೆ ಅವಳ ಗಂಡ ದೊಡ್ಡವರು. ನಾನು ಅಕ್ಕ ಅಂತ ಕರೀಬೇಕಂತೆ. ಕರೀಲೇಬೇಕಾ?

ಹಳೇ ಗುಮಾಸ್ತ, ತುಮಕೂರು:

ಕರೆಯೋದು ನಿಮ್ಮ ನಿಮ್ಮಲ್ಲಿ ಬಿಟ್ಟಿದ್ದು ತಾಯಿ. ಆದರೆ ಕೇಳಿದವರಿಗೆ ನಿಮ್ಮ ಮಾತು ಉಪಯೋಗಕ್ಕೆ ಬರುತ್ತೆ. ಇಲ್ಲಿ ಹಿರಿತನ ಗಂಡನದು, ಹೆಂಡತಿಯ ವಯಸ್ಸಿನದಲ್ಲ. ಅಣ್ಣನ ಹೆಂಡತಿ ನನಗಿಂತ ಚಿಕ್ಕವರಾದರೂ ಅತ್ತಿಗೆಯೇ, ಬಹುವಚನವೇ. ಅದಕ್ಕೇ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಅತ್ತಿಗೆಯನ್ನು ಎಲ್ಡರ್ ಸಿಸ್ಟರ್ ಇನ್ ಲಾ ಅಂತ ಮಾಡಬಾರದು. ಓದುವವರು ಆಕೆಗೆ ವಯಸ್ಸಾಗಿದೆ ಅಂದುಕೊಳ್ಳುತ್ತಾರೆ. ಮೊದಲ ಸಲ ಎಲ್ಡರ್ ಬ್ರದರ್ಸ್ ವೈಫ್ ಅಂತ ಬಿಡಿಸಿ ಹೇಳಿ, ಆಮೇಲೆ ಹೆಸರು ಹಾಕಿಕೊಂಡು ಹೋದರೆ ಆಯಿತು.

ಚಿಂತಾಮಣಿ ಮೇಷ್ಟ್ರು:

ಗುಮಾಸ್ತರೇ, ಕನ್ನಡದಲ್ಲಿ ಎಲ್ಲ ಸ್ಪಷ್ಟ, ಇಂಗ್ಲಿಷಿನಲ್ಲಿ ಏನೂ ಇಲ್ಲ ಅಂತ ಹೇಳಿದ ಹಾಗಾಯ್ತು.

ಹಳೇ ಗುಮಾಸ್ತ, ತುಮಕೂರು:

ಹಾಗೇನಿಲ್ಲ ಮೇಷ್ಟ್ರೇ. ಚಿಕ್ಕಪ್ಪ ಅಂದರೆ ಅಪ್ಪನ ತಮ್ಮನೋ ಅಮ್ಮನ ತಂಗಿಯ ಗಂಡನೋ? ಕನ್ನಡ ಹೇಳಲ್ಲ. ಜಮೀನಿನ ಪಾಲಿನ ಕಾಗದದಲ್ಲಿ ಇದು ದೊಡ್ಡ ಮಾತು. ಮೊದಲನೆಯವರು ದಾಯಾದಿ, ಎರಡನೆಯವರಿಗೆ ಆ ಆಸ್ತಿಗೂ ಏನೂ ಸಂಬಂಧ ಇಲ್ಲ. ಅಲ್ಲಿ ಇಂಗ್ಲಿಷಿಗೆ ಹಾಕುವಾಗ ಫಾದರ್ಸ್ ಯಂಗರ್ ಬ್ರದರ್ ಅಂತ ಬರೆದರೇ ಸರಿ. ಸೊಸೆ ಅಂದರೂ ಅಷ್ಟೇ, ಮಗನ ಹೆಂಡತಿಯೂ ಆಗಬಹುದು, ಗಂಡಸಿಗೆ ಅಕ್ಕತಂಗಿಯರ ಮಗಳೂ ಆಗಬಹುದು.

ನೀಸ್, ನೆಫ್ಯೂ ಬಂದಾಗ ಹೇಳುವವರು ಗಂಡೋ ಹೆಣ್ಣೋ ಅಂತಲೂ ನೋಡಬೇಕು. ನನ್ನ ಅಣ್ಣನ ಮಗ ನನಗೆ ಮಗ, ಅಕ್ಕನ ಮಗ ಅಳಿಯ. ನನ್ನ ತಂಗಿಗೆ ಅದೇ ಇಬ್ಬರು ಅದಲು ಬದಲು. ಅಮ್ಮನವರು ‘ಮೈದುನನ ಮಗಳು’ ಅಂತ ಬರೆದಿದ್ದಾರೆ. ಊರಿನಲ್ಲಿ ಕೇಳಿದ್ದರೆ ‘ನಮ್ಮ ಮಗಳು’ ಅಂತಲೇ ಹೇಳ್ತಿದ್ದರು ಅನ್ನಿ.

ಮಧುಗಿರಿ ಸೊಸೆ:

ಹೌದು ಸರ್, ಹಾಗೇ ಹೇಳೋದು! ನಮ್ಮ ಯಜಮಾನರ ಸೋದರತ್ತೆಯ ಮಗ ಈಗ ಕೊರಟಗೆರೆಯಲ್ಲಿ ಇದ್ದಾರೆ, ಅವರಿಗೆ ಫೋನ್ ಮಾಡಿದೆ. ಗಂಡ ತೀರಿಕೊಂಡ ಮೇಲೆ ಬಂದವರು ಅವರ ತಾಯಿಯೇ. ಅಜ್ಜಿಯ ಗಂಡನ ತಂಗಿ. ಹಾಗಾಗಿ ನಾದಿನಿ. ಒಲೆಯ ಮುಂದಿನವರು ದೊಡ್ಡಜ್ಜಿ, ಓರಗಿತ್ತಿಯೇ. ಅಜ್ಜಿ ಅವರನ್ನು ಅಕ್ಕಾ ಅಂತಿದ್ದರಂತೆ. ಇಂಗ್ಲಿಷಿನಲ್ಲಿ ಅಜ್ಜಿ ಬಾಯಲ್ಲಿ ‘ಸಿಸ್ಟರ್’ ಅಂತಿರೋದು ಅದೇ. ನಾನು ‘ಅಕ್ಕಾ’ ಅಂತ ಹಾಕ್ತೀನಿ.

ಒಂದು ಉಳಿದಿದೆ. ಹುಡುಗಿ ತನ್ನ ಮಾತಿನಲ್ಲಿ ಸೋದರಮಾವನನ್ನು ಅಂಕಲ್ ಅಂತಲೇ ಕರೆಯೋದು. ಅವಳ ಬಾಯಿಗೆ ‘ಮಾವ’ ಹಾಕಲಾ, ‘ಅಂಕಲ್’ ಬಿಡಲಾ?

ಚಿಂತಾಮಣಿ ಮೇಷ್ಟ್ರು:

ಮಾವ ಅಂತ ಹಾಕಿ. ಕನ್ನಡದ ಪುಸ್ತಕ ತಾನೇ.

ಹಳೇ ಗುಮಾಸ್ತ, ತುಮಕೂರು:

ನಾನು ಒಪ್ಪಲ್ಲ. ಹೇಳುವವಳು ಅವಳು. ಅವಳು ಕರೆಯುವ ಕಡೆ ಅಂಕಲ್ ಇರಲಿ, ಅವರ ಬಗ್ಗೆ ಹೇಳುವ ಕಡೆ ಸೋದರಮಾವ ಅಂತ ಬರಲಿ.

ಶ್ರೀನಿವಾಸಪುರ ಮಾವಿನತೋಟ:

ಅವರನ್ನೇ ಕೇಳಿ. ಕಿವಿ ಚುಚ್ಚಿಸಿದವರು ಅಂಕಲ್ ಅಂದರೆ ಸಿಟ್ಟಾಗ್ತಾರೋ ಏನೋ. ನಮ್ಮ ಕಡೆ ಆದರೆ ಖಂಡಿತ ಆಗ್ತಾರೆ.