ಹಲ್ಲಿಗೊಂದು ಸಾಲಿನ ಶೀಟ್: ಸಿಟ್ಟಿಂಗ್ ಲೆಕ್ಕ ಹೊಂದುತ್ತಿಲ್ಲ, ಸಹಾಯ ಮಾಡಿ

ಹೊಸ_ಬಿಡಿಎಸ್
ಮೂರು ದಿನದಿಂದ ಇದರಲ್ಲೇ ಒದ್ದಾಡ್ತಿದ್ದೀನಿ. ನಮ್ಮ ಸರ್ ಬಾಯಿ ನೋಡ್ತಾ ಹೇಳಿದ್ದನ್ನ ಚೀಟಿಯಲ್ಲಿ ಗೀಚಿಕೊಂಡು, ಸಂಜೆ ಗೂಗಲ್ ಶೀಟ್‌ಗೆ ಹಾಕ್ತೀನಿ. ನಿನ್ನೆಯ ಕೇಸ್ ಹೀಗಿತ್ತು:

14, ಬೇರಿನ ತುಂಡು 3, ಕೀಳಬೇಕು: 1
36, ಮೇಲ್ಮೈ ಹುಳುಕು, ಫಿಲ್ಲಿಂಗ್: 1
45, ಡಿಸ್ಟಲ್ ಹುಳುಕು, ಫಿಲ್ಲಿಂಗ್: 1
46, ತಟ್ಟಿದರೆ ನೋವು, ರೂಟ್ ಕೆನಾಲ್, ಕ್ಯಾಪ್: 4
ಸ್ಕೇಲಿಂಗ್: 1

ಮೊತ್ತ 8 ಬಂತು. ಪ್ರಿಂಟ್ ಕೊಟ್ಟರೆ ಪೇಷಂಟ್ "ನೋಯ್ತಿರೋ ಹಲ್ಲು ನಾಲ್ಕನೇ ಸಾಲಲ್ಲಿದೆ, ಎಂಟು ಸಲ ಬರೋಕಾಗಲ್ಲ" ಅಂತ ಎದ್ದು ಹೋದರು. ಸರ್ ಐದೇ ಸಾಕು ಅಂತಾರೆ. ಫಾರ್ಮುಲಾ ಎಲ್ಲಿ ತಪ್ಪಿದೆ?

ಅಂಕಿ_ಸಂಖ್ಯೆ
ಫಾರ್ಮುಲಾ ಬಿಡಿ, ಯಾವ ನಂಬರಿಂಗ್ ಬಳಸ್ತೀರಿ? ಇಂಥ ಗೊಂದಲ ಯಾವಾಗಲೂ ಅಲ್ಲಿಂದಲೇ ಹುಟ್ಟೋದು.

ಹೊಸ_ಬಿಡಿಎಸ್
ಎಫ್‌ಡಿಐ, ಎಲ್ಲರೂ ಬಳಸೋದು ಅದೇ ಅಲ್ವಾ.

ಅಂಕಿ_ಸಂಖ್ಯೆ
14ಕ್ಕೆ ಮೂರು ಬೇರು ಹೇಗೆ ಬಂತು? ಮೇಲಿನ ಮೊದಲ ಪ್ರಿಮೋಲಾರ್‌ಗೆ ಸಾಮಾನ್ಯವಾಗಿ ಎರಡೇ. ಅಮೆರಿಕದ ನಂಬರಿಂಗ್‌ನಲ್ಲಿ 14 ಅಂದ್ರೆ ನಮ್ಮ 26, ಎಡ ಮೇಲಿನ ಮೊದಲ ಮೋಲಾರ್. ಅದಕ್ಕೆ ಮೂರು ಬೇರು ಸರಿ. ನಿಮ್ಮ ಶೀಟ್ ಪೂರ್ತಿ ಅದೇ ನಂಬರಿಂಗ್‌ನಲ್ಲಿದೆ.

ಮಲೆನಾಡು_ಡೆಂಟಲ್
ಪೂರ್ತಿ ಅಲ್ಲ. ಆ ನಂಬರಿಂಗ್ 32ಕ್ಕೆ ಮುಗಿಯುತ್ತೆ. 36, 45, 46 ಅದರಲ್ಲಿ ಇಲ್ಲವೇ ಇಲ್ಲ. ಒಂದು ಸಾಲು ಮಾತ್ರ ಅನುಮಾನ. ಕೀಳೋ ಮುಂಚೆ ಬಾಯಲ್ಲೂ ಎಕ್ಸ್‌ರೇಯಲ್ಲೂ ಮತ್ತೆ ಎಣಿಸಿ. ಈ ಪೇಷಂಟ್ ಎಲ್ಲಿಂದ ಬಂದವರು?

ಹೊಸ_ಬಿಡಿಎಸ್
ಅಮೆರಿಕದಿಂದ ರಜೆಗೆ ಬಂದಿದ್ದಾರೆ, ಇನ್ನು ನಾಲ್ಕು ವಾರ ಇರ್ತಾರೆ. ಅಲ್ಲಿನ ಡಾಕ್ಟರ ಪತ್ರ ನೋಡಿ 14 ಬರೆದುಕೊಂಡೆ. ಇದು ಮುಖ್ಯ ಅಂತ ಹೊಳೆಯಲೇ ಇಲ್ಲ.

ಸ್ಕ್ಯಾನರ್_ಸೆಟಪ್
ಚೀಟಿ ಇಟ್ಟುಕೊಂಡರೆ ಹೀಗೇ. ನಾನು ಬಾಯಿ ಸ್ಕ್ಯಾನರ್, ಚೇರ್ ಪಕ್ಕ 24 ಇಂಚಿನ ಪರದೆ ಹಾಕಿದ್ದೀನಿ. ಹಲ್ಲಿನ ಚಿತ್ರ ಮುಟ್ಟಿದರೆ ಸಾಕು.

ಅಂಕಿ_ಸಂಖ್ಯೆ
ಪರದೆ ಎಷ್ಟು ದೊಡ್ಡದಿದ್ದರೂ ತಪ್ಪು ಹಲ್ಲು ಮುಟ್ಟಿದರೆ ತಪ್ಪೇ.

ಮಲೆನಾಡು_ಡೆಂಟಲ್
ವಿಷಯಕ್ಕೆ ಬರೋಣ. ಪ್ಲಾನ್‌ನಲ್ಲಿ ಸಾಲು ಹಲ್ಲಿಗೊಂದಲ್ಲ, ಕೆಲಸಕ್ಕೊಂದು ಇರಬೇಕು. 46 ಒಂದೇ ಹಲ್ಲು, ಆದರೆ ನಾಲ್ಕು ಕೆಲಸ, ನಡುವೆ ಬೇರೆ ಹಲ್ಲಿನ ಕೆಲಸ ನುಗ್ಗುತ್ತೆ. ನಾನಾದರೆ ಹೀಗೆ ಹಾಕ್ತೀನಿ.

ಮೊದಲ ದಿನ ನೋವಿನದ್ದು: 46 ತೆರೆದು, ಕೆನಾಲ್ ಸ್ವಚ್ಛ ಮಾಡಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಮುಚ್ಚೋದು. ಎರಡನೇ ದಿನ ಸ್ಕೇಲಿಂಗ್, ಆಮೇಲೆ 26 ಕೀಳೋದು. ಕಾರೆ ಇರುವಾಗಲೇ 45ರ ಡಿಸ್ಟಲ್ ಫಿಲ್ಲಿಂಗ್‌ಗೆ ಕೈ ಹಾಕಿದರೆ ವಸಡಿನ ರಕ್ತ ಕಾಂಪೊಸಿಟ್ ಹಿಡಿಯೋಕೆ ಬಿಡಲ್ಲ. ಒಂದು ವಾರ ಬಿಟ್ಟು ಮೂರನೇ ದಿನ ಒಂದೇ ಬ್ಲಾಕ್ ಕೊಟ್ಟು 46ರ ಕೆನಾಲ್ ತುಂಬಿ ಮೇಲೆ ಕಟ್ಟೋದು, ಜೊತೆಗೆ 45 ಫಿಲ್ಲಿಂಗ್. ಇದು ಕ್ಯಾಪ್ ಅಳತೆಗೆ ಮುಂಚೆಯೇ ಆಗಬೇಕು. 45ರ ಆ ಮಗ್ಗುಲು 46ಕ್ಕೆ ತಾಗೋದು. ಅಳತೆ ಆದಮೇಲೆ ಅದರ ಆಕಾರ ಬದಲಾದರೆ ಲ್ಯಾಬ್‌ನಿಂದ ಬಂದ ಕ್ಯಾಪ್ ಕೂರಲ್ಲ, ಇಲ್ಲವೇ ಸಂದಿ ಉಳಿದು ಊಟ ಸಿಕ್ಕಿಕೊಳ್ಳುತ್ತೆ. ನಾಲ್ಕನೇ ದಿನ 46 ಕಟ್ ಮಾಡಿ ಅಳತೆ, 36 ಫಿಲ್ಲಿಂಗ್. ಐದನೇ ದಿನ ಕ್ಯಾಪ್ ಅಂಟಿಸೋದು.

ಶೀಟ್‌ನಲ್ಲಿ A ಹಲ್ಲು, B ಕೆಲಸ, C ಆ ದಿನದೊಳಗಿನ ಕ್ರಮ, D ಸಿಟ್ಟಿಂಗ್ ನಂಬರ್, E ಯಾವುದಕ್ಕೆ ಕಾಯಬೇಕು. ಎಂಟು ಸಾಲು ಬರುತ್ತೆ. ಆಮೇಲೆ:

```
=SORT(A2:E9, 4, TRUE, 3, TRUE)
=COUNTUNIQUE(D2:D9)
```

ಎರಡನೇದು 5 ತೋರಿಸುತ್ತೆ. ನೀವು ಎಣಿಸಿದ 8 ಕೆಲಸಗಳ ಸಂಖ್ಯೆ, ಬರೋ ದಿನಗಳದ್ದಲ್ಲ. ಹಲ್ಲಿನ ಪ್ರಕಾರ ಬೇಕಾದಾಗ A ಕಾಲಂ ಫಿಲ್ಟರ್ ಹಾಕಿ.

ಕರಾವಳಿ_ಎಂಡೊ
46 ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸಿ. ನಾಲ್ಕೇ ವಾರ ಇರೋರಿಗೆ ಔಷಧ ಇಟ್ಟು ಯಾಕೆ ಕಾಯಿಸ್ತೀರಿ?

ಮಲೆನಾಡು_ಡೆಂಟಲ್
ಕೆನಾಲ್ ಒಣಗಿದರೆ ಮಾಡಬಹುದು. ಕೀವು ಜಿನುಗ್ತಿದ್ದರೆ ನಾನು ತುಂಬಲ್ಲ. ಅದು ತೆರೆದಾಗಲೇ ಗೊತ್ತಾಗೋದು, ಅದಕ್ಕೆ ಪ್ರಿಂಟ್‌ನಲ್ಲಿ "4 ರಿಂದ 6" ಅಂತ ಬರೀರಿ.

ಹುಬ್ಳಿ_ಮಂದಿ
ನಾನು ಡಾಕ್ಟರ್ ಅಲ್ರೀ. ನಂದು 36 ರೂಟ್ ಕೆನಾಲ್ ಆಗಿ ಆರು ತಿಂಗಳಾತು, ಕ್ಯಾಪ್ ಹಾಕಿಸಿಲ್ಲ. ನೋವಿಲ್ಲ. ಹಾಕಿಸಲೇಬೇಕೇನ್ರಿ?

ಕರಾವಳಿ_ಎಂಡೊ
ನೋವಿಲ್ಲ ಅಂತ ಬಿಡಬೇಡಿ. ದವಡೆ ಹಲ್ಲು ಸೀಳಿ ಬೇರಿನವರೆಗೆ ಹೋದರೆ ಕೀಳೋದೇ ಉಳಿಯೋದು. ಈ ವಾರವೇ ತೋರಿಸಿ.

ಹೊಸ_ಬಿಡಿಎಸ್
ಎಕ್ಸ್‌ರೇ ನೋಡಿದೆವು, 26ಏ. 14 ಗಟ್ಟಿಯಾಗಿದೆ. ಕೈ ನಡುಗಿತು. ಹೊಸ ಪ್ರಿಂಟ್ ನೋಡಿ ಪೇಷಂಟ್ ನಾಳೆ ಬರ್ತೀನಿ ಅಂದಿದ್ದಾರೆ. 26 ಕಿತ್ತ ಜಾಗಕ್ಕೆ ಇಂಪ್ಲಾಂಟ್ ಊರಿಗೆ ಹೋದಮೇಲೆ ಮಾಡಿಸ್ತಾರಂತೆ. ಆ ಸಾಲಿಗೆ ಸಿಟ್ಟಿಂಗ್ ನಂಬರ್ ಕೊಟ್ಟರೆ ಲೆಕ್ಕ 6 ಆಗುತ್ತೆ, ಬಿಟ್ಟರೆ ಪ್ಲಾನ್‌ನಲ್ಲೇ ಕಾಣಲ್ಲ. ನೀವೆಲ್ಲ ಇಂಥದ್ದನ್ನ ಎಲ್ಲಿ ಬರೀತೀರಿ?