ಅಪ್‌ಡೇಟ್: ಪಿಸ್ಟನ್ ಅಲ್ಲ, ನಟ್ ತಿರುಗಿತ್ತು

ನಾನು ಕೇಳಿದ್ದು: “ಕಾರವಾರದ ಬಾಡಿಗೆ ಮನೆಗೆ ಬಂದ ಮೇಲೆ ಹೈಡ್ರಾಲಿಕ್ ಮಂಚ ಅಲುಗಾಡುತ್ತಿದೆ. ತಲೆಕಡೆಯ ಒಂದು ಬೋಲ್ಟ್ ಸುಮ್ನೆ ತಿರುಗುತ್ತದೆ. ಪಿಸ್ಟನ್ ಬದಲಿಸಬೇಕಾ?”

ಬೇಕಾಗಲಿಲ್ಲ. ಪಿಸ್ಟನ್ ಹಾಸಿಗೆಯ ಕೆಳಗಿನ ಹಲಗೆಯನ್ನು ಎತ್ತುತ್ತದೆ ಅಷ್ಟೇ, ಚೌಕಟ್ಟು ಹಿಡಿಯುವುದು ಬೋಲ್ಟ್.

ಪಕ್ಕದ ಹಲಗೆಯ ತೂತಿನಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ ಉರುಟು ನಟ್ ಇರುತ್ತದೆ. ಅದರ ಅಡ್ಡ ತೂತಿಗೆ ಬೋಲ್ಟ್ ಕೂರಬೇಕು. ಮನೆ ಬದಲಿಸುವಾಗ ಬಿಚ್ಚಿದವರು ಅದನ್ನು ಓರೆಯಾಗಿಯೇ ಬಿಟ್ಟಿದ್ದರು. ನಟ್‌ನ ಮುಖದ ಮೇಲಿನ ಗೀರು ಅಡ್ಡ ತೂತು ಯಾವ ಕಡೆಗಿದೆ ಎಂದು ತೋರಿಸುತ್ತದೆ. ಸ್ಕ್ರೂಡ್ರೈವರ್‌ನಿಂದ ಆ ಗೀರನ್ನು ಬೋಲ್ಟ್‌ನ ನೇರಕ್ಕೆ ತಂದು ಹಿಡಿದುಕೊಂಡೆ. ಹೆಂಡತಿ ಬೋಲ್ಟನ್ನು ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿದಳು. ಹಿಡಿಯಿತು!

ಇನ್ನೊಂದು ಮೂಲೆಯಲ್ಲಿ ಬೋಲ್ಟ್‌ನ ತಲೆ ಮಳೆಗಾಲದ ತೇವಕ್ಕೆ ಮೆತ್ತಗಾದ ಹಲಗೆಯೊಳಗೆ ಇಳಿದಿತ್ತು. ಅಲ್ಲಿ ಅಗಲದ ವಾಷರ್ ಹಾಕಿದೆ. ಹಲಗೆ ಇನ್ನೂ ಪುಡಿಯಾದರೆ ವಾಷರ್ ಸಾಲದು, ಹಲಗೆಯನ್ನೇ ಬದಲಿಸಬೇಕು.

ಎಲ್ಲ ಬೋಲ್ಟ್ ಸಡಿಲವಾಗಿಟ್ಟು, ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡೂ ಕಡೆ ಟೇಪ್ ಹಿಡಿದೆ. ಒಂದು ಬೆರಳು ಅಗಲದ ವ್ಯತ್ಯಾಸ ಇತ್ತು. ಅಳತೆ ಉದ್ದ ಬಂದ ಕಡೆಯ ಮೂಲೆಯನ್ನು ಒಳಗೆ ತಳ್ಳಿ ಸಮ ಮಾಡಿ, ಆಮೇಲೆ ಅಲೆನ್ ಕೀಯಿಂದ ಬಿಗಿ ಮಾಡಿದೆ.

ಒಂದು ಎಡವಟ್ಟೂ ಆಯಿತು. ಹಾಸಿಗೆ ತೆಗೆದದ್ದೇ ಹಲಗೆ ರಪ್ಪನೆ ಮೇಲೆದ್ದು ಗದ್ದಕ್ಕೆ ಬಡಿಯಿತು. ಭಾರ ಇಳಿದರೆ ಪಿಸ್ಟನ್ ಹಾಗೇ ತಳ್ಳುತ್ತದೆ, ಅಲ್ವಾ?