ಕಾಕಾಗೆ ಯಾವ ಟೆಸ್ಟ್, ಯಾಕೆ

"ಅಕ್ಕಾ, ಕಾಕಾಗೆ 62. ಅಪ್ಪನ ಕೆರೆ ಹತ್ರ ಜೋರಾಗಿ ನಡೆದರ ಎದೆ ಹಿಡಿದಂಗ ಆಗ್ತದ, ನಿಂತರ ಹೋಗ್ತದ. ಇಸಿಜಿಯಲ್ಲಿ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಅಂತ ಬಂದದ. ಡಾಕ್ಟರ್ ನ್ಯೂಕ್ಲಿಯರ್ ಸ್ಕ್ಯಾನ್ ಬರೆದಾರ. ಅದರ ಬದಲು ಟಿಎಂಟಿ ಇಲ್ಲಾ ಸಿಟಿ ಕ್ಯಾಲ್ಸಿಯಂ ಸ್ಕೋರ್ ಸಾಕಾಗಲ್ಲೇನು?"

ಸಾಕಾಗಲ್ಲ ತಮ್ಮಾ. ಮೊದಲು ಆ 'ಬ್ಲಾಕ್' ಅನ್ನೋ ಮಾತಿಗೆ ಕಾಕು ಗಾಬರಿ ಆಗೋದು ಬೇಡ. ಅದು ರಕ್ತನಾಳ ಕಟ್ಟಿಕೊಂಡಿರೋ ಬ್ಲಾಕ್ ಅಲ್ಲ, ಹೃದಯದೊಳಗೆ ಕರೆಂಟ್ ಹೋಗೋ ಎಡಗಡೆ ದಾರಿ ಕೆಟ್ಟಿದೆ ಅಂತ ಅರ್ಥ. ಆದರೆ ಟಿಎಂಟಿ ಬೇಡ ಅನ್ನೋದು ಅದರಿಂದಲೇ.

ನಾನು ಟಿಎಂಟಿ ರೂಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಬೆಲ್ಟ್ ಮೇಲೆ ನಡೆಸುತ್ತೇವೆ, ಮೂರು ನಿಮಿಷಕ್ಕೊಮ್ಮೆ ವೇಗ, ಏರು ಎರಡೂ ಹೆಚ್ಚುತ್ತವೆ, 220ರಲ್ಲಿ ವಯಸ್ಸು ಕಳೆದು ಉಳಿದಿದ್ದರ 85 ಪರ್ಸೆಂಟ್‌ವರೆಗಾದರೂ ಬಡಿತ ಏರಬೇಕು, ಕಾಕಾಗೆ ಅದು ಸುಮಾರು 134. ಆಗ ಇಸಿಜಿಯ ಎಸ್‌ಟಿ ಗೆರೆ 1 ಮಿಲಿಮೀಟರ್ ಅಥವಾ ಜಾಸ್ತಿ ಇಳಿದರೆ ರಕ್ತ ಸಾಲುತ್ತಿಲ್ಲ ಅನ್ನೋ ಸುಳಿವು. ಕಾಕಾರ ಗೆರೆ ಸುಮ್ನೆ ಮಲಗಿದಾಗಲೇ ಸೊಟ್ಟಗಿದೆ. ಓಡಿಸಿದ ಮೇಲೆ ಇಳಿದರೆ ಯಾವುದರಿಂದ ಅಂತ ಹೇಳೋದು ಹೇಗೆ? ಇಸಿಜಿ ಸರಿ ಇದ್ದು, ಚೆನ್ನಾಗಿ ನಡೆಯೋ ಮನುಷ್ಯನಿಗಾದರೆ ಟಿಎಂಟಿ ಒಳ್ಳೆಯದೇ.

ಕ್ಯಾಲ್ಸಿಯಂ ಸ್ಕೋರ್ ಕೇಳೋ ಪ್ರಶ್ನೆಯೇ ಬೇರೆ. ರಕ್ತನಾಳದ ಗೋಡೆಯಲ್ಲಿ ಸುಣ್ಣ ಎಷ್ಟು ಕೂತಿದೆ ಅಂತ ಎಣಿಸುತ್ತದೆ, ರಕ್ತ ಹರಿಯುತ್ತಿದೆಯಾ ಅಂತ ನೋಡಲ್ಲ. ಸುಣ್ಣ ಕಟ್ಟದ ಮೆತ್ತನೆ ಕೊಬ್ಬು ಅದಕ್ಕೆ ಕಾಣಲ್ಲ. ಸ್ಕೋರ್ 400ರಷ್ಟು ಜಾಸ್ತಿ ಬಂದರೂ ಈ ಎದೆ ಹಿಡಿತ ಅದರಿಂದಲೇ ಅಂತ ಗೊತ್ತಾಗಲ್ಲ. ಅದು ನಿನ್ನಂಥವರಿಗೆ ಸರಿ. ನಲವತ್ತೈದು ದಾಟಿದೆ, ನೋವಿಲ್ಲ, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ, ಸ್ಟ್ಯಾಟಿನ್ ಮಾತ್ರೆ ಶುರು ಮಾಡಬೇಕೋ ಬೇಡವೋ ಅಂತ ಡಾಕ್ಟರ್‌ಗೆ ಅನುಮಾನ, ಅಂಥ ಕಡೆ.

ನ್ಯೂಕ್ಲಿಯರ್‌ನಲ್ಲಿ ಸ್ವಲ್ಪ ವಿಕಿರಣ ಸೂಸೋ ಔಷಧಿ ಸೂಜಿಯಲ್ಲಿ ಹೋಗಿ ರಕ್ತ ಮುಟ್ಟಿದ ಕಡೆ ಹೃದಯದ ಮಾಂಸದಲ್ಲಿ ಕೂರುತ್ತದೆ, ಕ್ಯಾಮೆರಾ ಅದನ್ನ ಚಿತ್ರ ತೆಗೆಯುತ್ತದೆ. ವಿಶ್ರಾಂತಿಯಲ್ಲಿ ಒಂದು, ಒತ್ತಡದಲ್ಲಿ ಒಂದು. ಒತ್ತಡದಲ್ಲಿ ಮಾತ್ರ ಒಂದು ಭಾಗ ಮಸುಕಾದರೆ ಅಲ್ಲಿ ರಕ್ತ ಕಡಿಮೆ. ಎರಡರಲ್ಲೂ ಮಸುಕಾದರೆ ಬಹುಶಃ ಹಳೇ ಗಾಯ. ಇಲ್ಲೂ ಕಾಕಾರನ್ನ ಓಡಿಸೋದು ಬೇಡ, ಈ ಬಂಡಲ್ ಬ್ಲಾಕ್ ಇದ್ದವರು ಓಡಿದರೆ ಹೃದಯದ ನಡುಗೋಡೆ ಸುಳ್ಳೇ ಮಸುಕಾಗಿ ಕಾಣಬಹುದು. ಅಡೆನೊಸಿನ್ ಥರದ ಔಷಧಿಯಿಂದ ರಕ್ತನಾಳ ಹಿಗ್ಗಿಸಿ ಮಾಡ್ತಾರಾ ಅಂತ ಬುಕ್ ಮಾಡುವಾಗಲೇ ಕೇಳು. ಅದಾದರೆ ಹಿಂದಿನ ದಿನದಿಂದಲೇ ಚಹಾ, ಕಾಫಿ ಬಂದ್, ಕುಡಿದರೆ ಔಷಧಿ ಹಿಡಿಯಲ್ಲ. ದಮ್ಮು ಕಾಯಿಲೆ ಇದ್ದರೆ ಮುಚ್ಚಿಡಬೇಡಿ, ಹೇಳಿ. ಬಿಪಿ ಮಾತ್ರೆ ಯಾವುದು ನಿಲ್ಲಿಸಬೇಕು ಅಂತ ಅವರೇ ಹೇಳಲಿ, ನೀವಾಗಿ ಬಿಡಬೇಡಿ.

ಮೂರೂ ದೊಡ್ಡ ರಕ್ತನಾಳ ಒಂದೇ ಥರ ಕಿರಿದಾಗಿದ್ದರೆ ಈ ಚಿತ್ರವೂ ಸರಿಯಾಗೇ ಕಾಣಬಹುದು. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದು ಎದೆ ಹಿಡಿತ ನಿಲ್ಲದಿದ್ದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಿ. ಅಷ್ಟರೊಳಗೆ ಸುಮ್ನೆ ಕೂತಾಗಲೇ ಎದೆ ಹಿಡಿದು ಬೆವರು ಬಂದರೆ ಯಾವ ಟೆಸ್ಟಿಗೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಆಮೇಲೆ ನನಗೆ ಫೋನ್ ಮಾಡಿ.